ಮುಂಜಾನೆ ಐದೂವರೆಗೆ ರಕ್ತದಲ್ಲಿ ಎಷ್ಟು ಉಳಿದಿರುತ್ತದೆ?

ಮಾನ್ಯ ಸಂಪಾದಕರೇ,

ಮದುವೆ ಹಂಗಾಮು ಬಂತೆಂದರೆ ಕಲಬುರಗಿ, ಬೀದರ್ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪಟ್ಟಿ ಮತ್ತೆ ಓಡಾಡತೊಡಗುತ್ತದೆ. ಕುಡಿದ ಮೇಲೆ ಮದ್ಯದ ಅಂಶ ರಕ್ತದಲ್ಲಿ 12 ಗಂಟೆ, ಉಸಿರಿನಲ್ಲಿ 24 ಗಂಟೆ, ಮೂತ್ರದಲ್ಲಿ 80 ಗಂಟೆ ಇರುತ್ತದೆ ಎಂಬುದು ಅದರ ಸಾರ. ಇದನ್ನು ನಂಬಿ ಕೆಲವರು ಸುಮ್ಮನೆ ಹೆದರುತ್ತಾರೆ, ಕೆಲವರು ಸುಮ್ಮನೆ ಧೈರ್ಯ ತಂದುಕೊಳ್ಳುತ್ತಾರೆ. ಎರಡೂ ಬೇಡ.

ಪಟ್ಟಿ ತಪ್ಪು ಎನ್ನಲು ಪ್ರಯೋಗಾಲಯವೇನೂ ಬೇಕಿಲ್ಲ. ಉಸಿರಿನ ಮದ್ಯ ಹೊಟ್ಟೆಯಿಂದ ಬರುವುದಲ್ಲ, ಶ್ವಾಸಕೋಶದಲ್ಲಿ ಹರಿಯುವ ರಕ್ತದಿಂದ ಆವಿಯಾಗಿ ಬರುವುದು. ರಕ್ತದಲ್ಲಿ ಮುಗಿದುಹೋದದ್ದು ಉಸಿರಿನಲ್ಲಿ ಇನ್ನೂ ಅರ್ಧ ದಿನ ಉಳಿಯಲು ಸಾಧ್ಯವಿಲ್ಲ. ಎರಡೂ ಜೊತೆಯಾಗಿ ಏರುತ್ತವೆ, ಜೊತೆಯಾಗಿ ಇಳಿಯುತ್ತವೆ. ಹಾಗಾಗಿ "ಎಷ್ಟು ಗಂಟೆ?" ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಎಷ್ಟು ಕುಡಿದಿದ್ದಾರೆ, ಯಾವಾಗ ಶುರು ಮಾಡಿದರು, ತೂಕ ಎಷ್ಟು ಎಂಬ ಮೂರು ಸಂಗತಿ ಗೊತ್ತಿದ್ದರೆ ಲೆಕ್ಕ ಹಾಕಬಹುದು.

ಮೊದಲು ಕುಡಿದದ್ದನ್ನು ಗ್ರಾಂಗೆ ಇಳಿಸಬೇಕು. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಒಂದು ಮಿಲಿಲೀಟರ್ ಆಲ್ಕೋಹಾಲಿನ ತೂಕ 0.79 ಗ್ರಾಂ. ಈ ಪ್ರಕಾರ 60 ಮಿಲಿಲೀಟರಿನ ದೊಡ್ಡ ಪೆಗ್ಗಿನಲ್ಲಿ ಸುಮಾರು 20 ಗ್ರಾಂ, 90 ಮಿಲಿಲೀಟರಿನ ಟೆಟ್ರಾ ಪ್ಯಾಕಿನಲ್ಲಿ 30 ಗ್ರಾಂ, 180 ಮಿಲಿಲೀಟರಿನ ಕ್ವಾರ್ಟರಿನಲ್ಲಿ 61 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. "ಬರೀ ಬಿಯರ್ ಕುಡಿದೀನ್ರೀ" ಎನ್ನುವವರು 650 ಮಿಲಿಲೀಟರಿನ ಸ್ಟ್ರಾಂಗ್ ಬಾಟಲಿಯ ಚೀಟಿ ಓದಿ ನೋಡಲಿ. ಶೇ 8 ಎಂದಿದ್ದರೆ ಅದರಲ್ಲಿರುವುದು 41 ಗ್ರಾಂ, ಅಂದರೆ ಎರಡು ದೊಡ್ಡ ಪೆಗ್ಗಿಗೆ ಸಮ.

ಈ ಮದ್ಯ ದೇಹದ ನೀರಿನಲ್ಲೆಲ್ಲ ಹರಡಿಕೊಳ್ಳುತ್ತದೆ. ಕೊಬ್ಬಿಗೆ ಹೆಚ್ಚು ಸೇರುವುದಿಲ್ಲ. ಅದಕ್ಕೇ ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್ ಅವರ ಸೂತ್ರದಲ್ಲಿ ದೇಹದ ತೂಕವನ್ನು ಗಂಡಸರಿಗೆ ಸುಮಾರು 0.68ರಿಂದ, ಹೆಂಗಸರಿಗೆ 0.55ರಿಂದ ಗುಣಿಸುತ್ತಾರೆ. ಮದ್ಯದ ಗ್ರಾಂ ಅನ್ನು ಆ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ಅದರಿಂದ ಗಂಟೆಗೆ ಇಷ್ಟೆಂದು ಕಳೆಯುತ್ತ ಹೋಗಬೇಕು. ಬಹುತೇಕರಲ್ಲಿ ಗಂಟೆಗೆ 10ರಿಂದ 20 ಮಿಲಿಗ್ರಾಂ ಇಳಿಯುತ್ತದೆ, ಸರಾಸರಿ 15. ದಿನವೂ ಕುಡಿಯುವವರಲ್ಲಿ ಇನ್ನೂ ಬೇಗ ಇಳಿಯುವುದುಂಟು, ಲಿವರ್ ಕೆಡುವವರೆಗೆ ಮಾತ್ರ.

ಗಮನಿಸಬೇಕಾದದ್ದು ಇಲ್ಲಿ. ಮದ್ಯವನ್ನು ಒಡೆಯುವ ಕಿಣ್ವ ಲಿವರಿನಲ್ಲಿ ಇರುವುದೇ ಇಷ್ಟು ಎಂದಿರುವುದರಿಂದ, ಒಂದೆರಡು ಪೆಗ್ಗಿಗೇ ಅದರ ಪೂರ್ತಿ ಸಾಮರ್ಥ್ಯ ಕೆಲಸಕ್ಕೆ ಬಿದ್ದಿರುತ್ತದೆ. ಗಿರಣಿ ಮುಂದೆ ಜೋಳದ ಡಬ್ಬಿಗಳ ಸಾಲು ಎಷ್ಟೇ ಉದ್ದ ಇದ್ದರೂ ಕಲ್ಲು ತಿರುಗುವುದು ತನ್ನ ವೇಗದಲ್ಲೇ. ಲಿಂಬೆಹಣ್ಣು, ಮಜ್ಜಿಗೆ, ಕಡಕ್ ಚಹಾ, ತಣ್ಣೀರ ಸ್ನಾನ, ವಾಂತಿ, ಬೆಳಗಿನ ಓಟ, ಇವು ಯಾವುವೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಚಹಾ ನಿದ್ದೆ ಬಿಡಿಸೀತು, ಅಷ್ಟೆ. ಹೊಟ್ಟೆ ತುಂಬ ಉಂಡು ಕುಡಿದರೆ ಮದ್ಯ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಏರುವ ತುದಿಯೂ ಸ್ವಲ್ಪ ತಗ್ಗುತ್ತದೆ. ಆದರೆ ಕುಡಿದ ಮೇಲೆ ಉಂಡರೆ ಆಗಲೇ ರಕ್ತಕ್ಕೆ ಸೇರಿದ್ದು ವಾಪಸು ಬರುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಆಳಂದದಲ್ಲಿ ಮದುವೆ. ಕ್ರೂಸರ್ ಓಡಿಸುವ 70 ಕಿಲೊ ತೂಕದ ಡ್ರೈವರ್ ರಾತ್ರಿ ಎಂಟೂವರೆಗೆ ಶುರು ಮಾಡಿ ಹನ್ನೊಂದೂವರೆಯೊಳಗೆ ಒಂದೂವರೆ ಕ್ವಾರ್ಟರ್ ಮುಗಿಸುತ್ತಾನೆ, ಅಂದರೆ 270 ಮಿಲಿಲೀಟರ್. ಆಮೇಲೆ ಚೆನ್ನಾಗಿ ಮಲಗುತ್ತಾನೆ. ಮುಂಜಾನೆ ಐದೂವರೆಗೆ ಬೀಗರನ್ನು ಕೂರಿಸಿಕೊಂಡು ಹುಮನಾಬಾದ್ ಮೇಲೆ ಬೀದರಿಗೆ ಹೊರಡಬೇಕು. ಒಳಗೆ ಹೋದ ಮದ್ಯಸಾರ 91.3 ಗ್ರಾಂ. 70ನ್ನು 0.68ರಿಂದ ಗುಣಿಸಿದರೆ 47.6. ಭಾಗಿಸಿ ನೂರರಿಂದ ಗುಣಿಸಿದಾಗ ಸಿಗುವುದು ಸುಮಾರು 192 ಮಿಲಿಗ್ರಾಂ. ಎಂಟೂವರೆಯಿಂದ ಐದೂವರೆಗೆ ಒಂಬತ್ತು ಗಂಟೆ. ಗಂಟೆಗೆ 15ರಂತೆ 135 ಕಳೆದರೆ ಉಳಿಯುವುದು 57.

ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹೇಳುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅಂದರೆ ಕಣ್ತುಂಬ ನಿದ್ದೆ ಮಾಡಿ, ಮುಖ ತೊಳೆದು, ತಾನು ಸರಿಯಾಗಿದ್ದೇನೆ ಎಂದುಕೊಂಡು ಸ್ಟೇರಿಂಗ್ ಹಿಡಿದವನ ರಕ್ತದಲ್ಲಿ ಮಿತಿಯ ಹತ್ತಿರಹತ್ತಿರ ಎರಡು ಪಟ್ಟು ಇದೆ. ಆತ 30ಕ್ಕೆ ಇಳಿಯುವುದು ಬೆಳಿಗ್ಗೆ ಏಳೂಕಾಲರ ಸುಮಾರಿಗೆ, ಪೂರ್ತಿ ಖಾಲಿಯಾಗುವುದು ಒಂಬತ್ತು ದಾಟಿದ ಮೇಲೆ. ಇದು ಸರಾಸರಿ ಮನುಷ್ಯನ ಲೆಕ್ಕ. ಗಂಟೆಗೆ 20 ಇಳಿಯುವವನಾದರೆ ಐದೂವರೆಗೆ 12 ಮಾತ್ರ ಉಳಿದು ಪಾರಾಗುತ್ತಾನೆ. 10 ಇಳಿಯುವವನಾದರೆ 102 ಇರುತ್ತದೆ, ಮಧ್ಯಾಹ್ನ ಹನ್ನೆರಡೂವರೆ ದಾಟಿದರೂ ಮಿತಿಯ ಮೇಲೆಯೇ ಇರುತ್ತಾನೆ. ತಾನು ಯಾವ ಗುಂಪಿಗೆ ಸೇರಿದವನೆಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಡ್ಯೂಟಿ ಹಚ್ಚುವ ಮಾಲೀಕರು 10ರ ಲೆಕ್ಕವನ್ನೇ ಹಿಡಿಯುವುದು ಕ್ಷೇಮ. ಡ್ರೈವರ್ 55 ಕಿಲೊದ ತೆಳ್ಳನೆಯ ಆಳಾಗಿದ್ದರೆ ಅದೇ ಒಂದೂವರೆ ಕ್ವಾರ್ಟರಿಗೆ ಆರಂಭದ ಅಂಕಿಯೇ 244, ಸರಾಸರಿ ವೇಗದಲ್ಲೂ ಐದೂವರೆಗೆ 109.

ಇನ್ನು ಊದುವ ಯಂತ್ರ. ಅದು ಅಳೆಯುವುದು ಉಸಿರನ್ನು, ತೋರಿಸುವುದು ರಕ್ತದ ಅಂದಾಜನ್ನು. 2100 ಮಿಲಿಲೀಟರ್ ಉಸಿರಿನಲ್ಲಿರುವಷ್ಟು ಮದ್ಯ 1 ಮಿಲಿಲೀಟರ್ ರಕ್ತದಲ್ಲಿರುತ್ತದೆ ಎಂಬ ಅನುಪಾತವನ್ನು ಅದರೊಳಗೆ ಕೂಡಿಸಿರುತ್ತಾರೆ. ಕೆಲವು ಯಂತ್ರಗಳು 30 ಎಂದು ತೋರಿಸುತ್ತವೆ, ಕೆಲವು ಶೇಕಡಾ ಲೆಕ್ಕದಲ್ಲಿ 0.030 ಎಂದು, ಕೆಲವು ಒಂದು ಲೀಟರ್ ಉಸಿರಿನ ಲೆಕ್ಕದಲ್ಲಿ 0.14 ಎಂದು. ಮೂರೂ ಒಂದೇ. ಅಂಕಿಯ ಪಕ್ಕದ ಮಾನ ನೋಡದೆ ವಾದಕ್ಕೆ ಇಳಿಯುವುದರಲ್ಲಿ ಅರ್ಥವಿಲ್ಲ.

ಯಂತ್ರ ತಪ್ಪುವ ಸಂದರ್ಭವೂ ಇದೆ. ಈಗತಾನೆ ಗುಟುಕು ಹಾಕಿದ್ದರೆ, ಆಲ್ಕೋಹಾಲ್ ಇರುವ ಮೌತ್‌ವಾಶ್ ಮುಕ್ಕಳಿಸಿದ್ದರೆ, ಹೋಮಿಯೋಪತಿಯ ಹನಿ ಔಷಧ ತೆಗೆದುಕೊಂಡಿದ್ದರೆ ಬಾಯಿಯಲ್ಲೇ ಉಳಿದ ಮದ್ಯ ಅಂಕಿಯನ್ನು ಏಕಾಏಕಿ ಮೇಲಕ್ಕೆ ಒಯ್ಯುತ್ತದೆ. ಇದು 15 ನಿಮಿಷದಲ್ಲಿ ಆರಿಹೋಗುತ್ತದೆ. ಅಷ್ಟು ಹೊತ್ತು ಏನೂ ತಿನ್ನದೆ, ಕುಡಿಯದೆ ಕಾದು ಮತ್ತೊಮ್ಮೆ ಊದಿಸಿದರೆ ನಿಜ ಗೊತ್ತಾಗುತ್ತದೆ. ಬಾಯಿಯದಾಗಿದ್ದರೆ ಅಂಕಿ ಸೊನ್ನೆಯ ಕಡೆ ಬೀಳುತ್ತದೆ, ರಕ್ತದ್ದಾಗಿದ್ದರೆ ಹೆಚ್ಚೇನೂ ಕದಲುವುದಿಲ್ಲ. ಏಲಕ್ಕಿ, ಗುಟ್ಕಾ, ಈರುಳ್ಳಿ ಜಗಿಯುವವರು ಮರೆಮಾಡುವುದು ವಾಸನೆಯನ್ನು. ಯಂತ್ರಕ್ಕೆ ಮೂಗಿಲ್ಲ, ಅದರ ಫ್ಯುಯೆಲ್ ಸೆಲ್ ಹಿಡಿಯುವುದು ಆಲ್ಕೋಹಾಲಿನ ಆವಿಯನ್ನೇ.

ರಕ್ತ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ, ಆದರೆ ರಕ್ತ ತೆಗೆಯುವ ಕೈ ಸರಿಯಿದ್ದರೆ ಮಾತ್ರ. ಸೂಜಿ ಚುಚ್ಚುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು, ಆಲ್ಕೋಹಾಲ್ ಇಲ್ಲದ ದ್ರಾವಣ ಬಳಸಬೇಕು. ರಕ್ತವನ್ನು ಸೋಡಿಯಂ ಫ್ಲೋರೈಡ್ ಮತ್ತು ಪೊಟ್ಯಾಸಿಯಂ ಆಕ್ಸಲೇಟ್ ಇರುವ ಬೂದು ಮುಚ್ಚಳದ ವಯಲಿಗೆ ತುಂಬಿ, ನಿಧಾನವಾಗಿ ಏಳೆಂಟು ಸಲ ಮಗುಚಿ, ಸೀಲ್ ಮಾಡಿ ಫ್ರಿಜ್ಜಿನಲ್ಲಿಡಬೇಕು. ಫ್ಲೋರೈಡ್ ಇಲ್ಲದ ವಯಲನ್ನು ನಮ್ಮ ಮೇ ತಿಂಗಳ ಬಿಸಿಲಲ್ಲಿ ಎರಡು ದಿನ ಠಾಣೆಯ ಮೇಜಿನ ಮೇಲೆ ಬಿಟ್ಟರೆ ಸೂಕ್ಷ್ಮಜೀವಿಗಳು ರಕ್ತದ ಸಕ್ಕರೆಯನ್ನು ಹುದುಗಿಸಿ ಹೊಸ ಆಲ್ಕೋಹಾಲನ್ನೇ ತಯಾರಿಸಬಹುದು. ಅರ್ಧ ಖಾಲಿ ವಯಲಿನಲ್ಲಿ, ಸಡಿಲ ಮುಚ್ಚಳದಲ್ಲಿ ಇದ್ದದ್ದೂ ಆವಿಯಾಗಬಹುದು. ಇನ್ನೊಂದು ಸೂಕ್ಷ್ಮವಿದೆ. ಆಸ್ಪತ್ರೆಯ ಲ್ಯಾಬ್ ಅಳೆಯುವುದು ಸಾಮಾನ್ಯವಾಗಿ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿ ದ್ರವ. ಅದರಲ್ಲಿ ನೀರಿನಂಶ ಹೆಚ್ಚಾದ್ದರಿಂದ ಅಂಕಿ ಇಡೀ ರಕ್ತಕ್ಕಿಂತ ಶೇ 12ರಿಂದ 18ರಷ್ಟು ಹೆಚ್ಚು ಬರುತ್ತದೆ. ಕಾಯ್ದೆ ಕೇಳುವುದು ರಕ್ತದ ಪ್ರಮಾಣ. ಸೀರಂನಲ್ಲಿ 34 ಬಂದವನ ರಕ್ತದಲ್ಲಿ 30ರ ಆಚೀಚೆ ಇರಬಹುದು. ಚಿಕಿತ್ಸೆಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ನ್ಯಾಯಾಲಯದಲ್ಲಿ ಇದೆ.

ಮೂತ್ರದ ಕಥೆಯೇ ಬೇರೆ. ಮೂತ್ರಕೋಶ ಹಿಂದಿನ ಗಂಟೆಗಳಲ್ಲಿ ಸೋಸಿ ಬಂದದ್ದನ್ನು ಕೂಡಿಟ್ಟುಕೊಳ್ಳುವ ಜಾಗ. ರಾತ್ರಿಯಿಡೀ ಕಟ್ಟಿಕೊಂಡು ಬೆಳಿಗ್ಗೆ ಮೊದಲು ಮಾಡಿದ ಮೂತ್ರದಲ್ಲಿ, ಆ ಹೊತ್ತಿಗೆ ರಕ್ತ ಖಾಲಿಯಾಗಿದ್ದರೂ ಮದ್ಯ ಸಿಗಬಹುದು. ಆದ್ದರಿಂದ ಮೊದಲ ಸಲದ್ದನ್ನು ಚೆಲ್ಲಿಸಿ, ಅರ್ಧ ಗಂಟೆ ಬಿಟ್ಟು ಎರಡನೆಯ ಮಾದರಿ ತೆಗೆದುಕೊಳ್ಳುವುದು ಸರಿಯಾದ ಕ್ರಮ. ಸಕ್ಕರೆ ಕಾಯಿಲೆ ಇರುವವರ ಮೂತ್ರದಲ್ಲಿ ಸಕ್ಕರೆಯೂ ಯೀಸ್ಟ್ ಸೋಂಕೂ ಎರಡೂ ಇದ್ದು, ಬಾಟಲಿ ಬೆಚ್ಚಗಿನ ಕೋಣೆಯಲ್ಲಿ ಉಳಿದರೆ, ಹನಿಯೂ ಕುಡಿಯದವರ ವರದಿ ಪಾಸಿಟಿವ್ ಬರುವುದುಂಟು.

ಪಟ್ಟಿಯಲ್ಲಿರುವ 80 ಗಂಟೆ ಬಂದದ್ದು ಇಲ್ಲಿಂದಲೇ, ಆದರೆ ಅದು ಮದ್ಯದ ಲೆಕ್ಕವಲ್ಲ. ಲಿವರ್ ಮದ್ಯದ ಒಂದು ಸಣ್ಣ ಪಾಲನ್ನು ಈಥೈಲ್ ಗ್ಲುಕುರೊನೈಡ್ ಎಂಬ ವಸ್ತುವಾಗಿ ಬದಲಿಸುತ್ತದೆ. ಲ್ಯಾಬ್ ವರದಿಯಲ್ಲಿ EtG ಎಂದು ಬರುವುದು ಇದೇ. ಒಂದೆರಡು ಪೆಗ್ಗಿನ ನಂತರ ಇದು ಮೂತ್ರದಲ್ಲಿ ಒಂದು ದಿನ ಕಾಣಿಸಬಹುದು, ಬಹಳ ಕುಡಿದಿದ್ದರೆ ಮೂರು ದಿನದವರೆಗೂ. ಮದ್ಯ ಬಿಡಿಸುವ ಕೇಂದ್ರಗಳಿಗೆ ಉಪಯೋಗ ಇದೆ. ಆದರೆ ಡ್ರೈವರ್ ಈ ಕ್ಷಣ ಅಮಲಿನಲ್ಲಿದ್ದಾನೆಯೇ ಎಂಬುದನ್ನು ಇದು ಹೇಳುವುದಿಲ್ಲ. ಸೋಮವಾರದ EtG ವರದಿ ತೋರಿಸಿ, ಶನಿವಾರ ರಾತ್ರಿ ಮನೆಯಲ್ಲಿ ಕುಡಿದವನನ್ನು ಕುಡಿದು ಗಾಡಿ ಹೊಡೆದ ಎಂದು ಕೆಲಸದಿಂದ ತೆಗೆದರೆ ಅದು ಪರೀಕ್ಷೆ ಹೇಳದ ಮಾತನ್ನು ಅದರ ಬಾಯಿಗೆ ತುರುಕಿದಂತೆ. ಕನಿಷ್ಠ ಮಿತಿಯನ್ನು ಮಿಲಿಲೀಟರಿಗೆ 100 ನ್ಯಾನೊಗ್ರಾಂಗೆ ಇಟ್ಟರೆ ದಿನವಿಡೀ ಸ್ಯಾನಿಟೈಸರ್ ಉಜ್ಜುವ ಆಸ್ಪತ್ರೆ ಸಿಬ್ಬಂದಿಯೂ ಸಿಕ್ಕಿಬೀಳಬಹುದು, 500ಕ್ಕೆ ಇಟ್ಟರೆ ಆ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ. ಇಂಥ ಪರೀಕ್ಷೆ ಮಾಡಿಸುವ ಸಂಸ್ಥೆಗಳು ವರದಿಯಲ್ಲಿ ಬರೀ ಪಾಸಿಟಿವ್ ಎಂದು ಒಪ್ಪಿಕೊಳ್ಳದೆ, ಅಳೆದದ್ದು ಮದ್ಯವನ್ನೋ EtG ಅನ್ನೋ, ಕನಿಷ್ಠ ಮಿತಿ ಎಷ್ಟು, ಮಾದರಿ ತೆಗೆದದ್ದು ಎಷ್ಟು ಗಂಟೆಗೆ ಎಂಬ ಮೂರನ್ನೂ ಬರೆಸಿಕೊಳ್ಳಲಿ.

ಇಂತಿ,
ವಿಧಿವಿಜ್ಞಾನ ವೈದ್ಯಶಾಸ್ತ್ರದ ಬೋಧಕರು,
ಕಲಬುರಗಿ