ಗುರುವಾರದ ವಿಡಿಯೋ ಕಾಲ್: ಮೊದಲೇ ಓದಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಅಡಿಕೆಗೆ ಕೊಳೆ ಮದ್ದು ಹೊಡೆಯುವ ವಿಚಾರಕ್ಕೆ ಗುರುವಾರ ರಾತ್ರಿ 8ಕ್ಕೆ ಕಾಲ್. ಅಜೆಂಡಾ ಇಮೇಲ್ ಕಳಿಸಿದ್ದೇನೆ, ಜೊತೆಗೆ ಎರಡು ಫೈಲ್ ಇವೆ. ಮೈಲುತುತ್ತದ ದರಪಟ್ಟಿ ನೋಡಲು ಎರಡು ನಿಮಿಷ ಸಾಕು. ಹೋದ ವರ್ಷ ಮದ್ದು ಹೊಡೆದ ತಾರೀಕುಗಳ ಪಟ್ಟಿಯನ್ನು ಮಾತ್ರ ನಿಧಾನವಾಗಿ ಓದಿ. ಎರಡನೇ ಸುತ್ತು 45 ದಿನ ದಾಟಿದ ನಮ್ಮ ತೋಟಗಳಲ್ಲೇ ಕೊಳೆ ಜಾಸ್ತಿ ಬಂದಿತ್ತು, ಅಲ್ವಾ? ಕಾಲ್‌ನಲ್ಲಿ ಇವನ್ನು ಮತ್ತೆ ಓದುವುದಿಲ್ಲ.

ತೀರ್ಮಾನ ಆಗಬೇಕಾದದ್ದು ಎರಡು. ಮೈಲುತುತ್ತವನ್ನು ಎಲ್ಲರೂ ಸೇರಿ ತರಿಸೋಣವೇ? ಹೌದಾದರೆ ನಿಮ್ಮ ಲೆಕ್ಕ ಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಒಂದು ಸುತ್ತಿಗೆ 600 ಲೀಟರ್ ಹೊಡೆಯುವವರಿಗೆ ಎರಡು ಸುತ್ತಿಗೆ 12 ಕಿಲೋ ಮೈಲುತುತ್ತ ಬೇಕಾಗುತ್ತದೆ. ಸುಮ್ನೆ ಅಂದಾಜು ಹೇಳಬೇಡಿ, ಉಳಿದರೆ ಯಾರೂ ವಾಪಸ್ ತಗೊಳ್ಳುವುದಿಲ್ಲ.

ಎರಡನೆಯದು ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರ ಸರದಿ. ಮಳೆ ಹಿಡಿಯುವ ಮೊದಲು ಯಾರ ತೋಟ ಮೊದಲು? ತಗ್ಗಿನ ತೋಟಗಳಿಗೆ ಆದ್ಯತೆ ಕೊಡೋಣ ಎಂದು ನನ್ನ ಅಭಿಪ್ರಾಯ. ಅಲ್ಲಿ ತೇವ ಬೇಗ ಆರುವುದಿಲ್ಲ. ಒಪ್ಪದವರು ಬುಧವಾರದೊಳಗೆ ಇಮೇಲ್‌ಗೇ ಕಾರಣ ಬರೆಯಿರಿ.

ನೆಟ್‌ವರ್ಕ್ ಸಿಗದ ಊರಿನವರು ಎರಡಕ್ಕೂ ಉತ್ತರ, ಬೇಕಾದ ಕಿಲೋ ಇಲ್ಲೇ ಹಾಕಿ. ಅದನ್ನೂ ಮತ ಎಂದೇ ಲೆಕ್ಕಕ್ಕೆ ಹಿಡಿಯುತ್ತೇವೆ.