ತಳದಲ್ಲಿ ಉಳಿದ ಹಿಟ್ಟು

ಉಡುಪಿ

ತಂಗೀ,

ನಿನ್ನ ನೀರುದೋಸೆ ಲೇಖನ ಎರಡು ಸಲ ಓದಿದೆ. 'ಕಥೆಯ ಹಾಗೆ ಬರೆದರೂ ಯಾರಿಗೂ ಹಿಡಿಸಲಿಲ್ಲ, ಇನ್ನು ಬರೆಯುವುದಿಲ್ಲ' ಎಂದು ಜೊತೆಗೆ ಚೀಟಿ ಇಟ್ಟಿದ್ದೀಯಲ್ಲ, ಅದನ್ನು ಒಂದೇ ಸಲ ಓದಿ ಬದಿಗಿಟ್ಟೆ. ಕಾಗುಣಿತ ನೀನೇ ನೋಡಿಕೊ.

ದೋಸೆ ಹರಿಯುತ್ತಿತ್ತು, ಅದು ನಿನ್ನ ಕಥೆಯ ಸಮಸ್ಯೆ. 'ಅಜ್ಜಿಯ ಕೈ ನೋಡುತ್ತಾ ಥಟ್ಟನೆ ಅರ್ಥವಾಯಿತು', ಅದು ತಿರುವು. 'ತಾಳ್ಮೆ ಇದ್ದರೆ ದೋಸೆ ತಾನಾಗಿ ಏಳುತ್ತದೆ', ಅದು ಪಾಠ. ಎಂತ ಅರ್ಥವಾಯಿತು ಮಾರಾಯ್ತಿ? ಕಾವಲಿ ಎದುರು ನಿಂತವಳು ತಾಳ್ಮೆ ಇಟ್ಟುಕೊಂಡು ಎಂತ ಮಾಡಬೇಕು?

ನಿಜವಾದ ತಿರುವು ನಿನ್ನ ಮೂರನೇ ಪುಟದಲ್ಲೇ ಉಂಟು. 'ಪಾತ್ರೆ ತೊಳೆಯುವಾಗ ತಳದಲ್ಲಿ ಗಟ್ಟಿ ಹಿಟ್ಟು ಅಂಟಿತ್ತು' ಎಂದು ಸುಮ್ನೆ ಬರೆದು ಮುಂದೆ ಹೋಗಿದ್ದೀಯ. ಮೊದಲ ನಾಲ್ಕು ದೋಸೆ ಹರಿದವು, ಕೊನೆಯವು ದಪ್ಪಗಾದವು ಎಂದು ಒಂದನೇ ಪುಟದಲ್ಲಿದೆ. ಎರಡನ್ನೂ ಹತ್ತಿರ ತಂದು ನೋಡು. ನೀರು ಜಾಸ್ತಿ ಇರುವ ಹಿಟ್ಟಿನಲ್ಲಿ ಅಕ್ಕಿ ಕೆಳಗೆ ಇಳಿಯುತ್ತದೆ. ನೀನು ಮೊದಲು ಮೇಲಿನ ನೀರನ್ನು ಹೊಯ್ದೆ, ಕೊನೆಗೆ ತಳದ ಗಟ್ಟಿಯನ್ನು. ಕಾವಲಿಯದ್ದು ತಪ್ಪೇ ಇರಲಿಲ್ಲ.

ಹಾಗಾಗಿ ಸಮಸ್ಯೆಯನ್ನು 'ದೋಸೆ ಸರಿ ಬರುತ್ತಿರಲಿಲ್ಲ' ಎಂದು ಹೇಳಬೇಡ. ಮೊದಲಿನವು ಹರಿದು ಕೊನೆಯವು ದಪ್ಪಗಾದವು ಎಂದೇ ಹೇಳು. ಓದುವವಳು 'ನನ್ನದೂ ಹೀಗೇ ಅಲ್ವಾ' ಎನ್ನಬೇಕು. ಎಲ್ಲ ದೋಸೆಯೂ ಒಂದೇ ರೀತಿ ಹರಿದರೆ ಕಾರಣ ಬೇರೆ, ಕಾವಲಿ ಕಾದಿಲ್ಲದಿರಬಹುದು, ಅಕ್ಕಿ ನುಣ್ಣಗೆ ಅರೆದಿಲ್ಲದಿರಬಹುದು. ಅದನ್ನೂ ಒಂದು ಸಾಲು ಹೇಳಿಬಿಡು, ಅವಳ ಹೊತ್ತು ಉಳಿಯುತ್ತದೆ. ನೀನು ಪಟ್ಟ ಪಾಡುಗಳಲ್ಲಿ ಹೊಸ ಕಾವಲಿ ತಂದದ್ದು ಒಂದೇ ಸಾಕು. ಎಲ್ಲರೂ ಮಾಡುವ ತಪ್ಪು ಅದು. ಹೊಸ ಕಾವಲಿಯಲ್ಲೂ ಮೊದಲ ನಾಲ್ಕೇ ಹರಿದವು ಎಂದ ಕೂಡಲೇ ಅನುಮಾನ ಹಿಟ್ಟಿನ ಮೇಲೆ ತಿರುಗುತ್ತದೆ. ಆಮೇಲೆ ತಳದ ಹಿಟ್ಟು ತೋರಿಸು.

ತಿರುವು ಮುಗಿದ ಮೇಲೆ ಕಥೆ ಬೇಡ. ಅಕ್ಕಿ ನೆನೆಸುವುದರಿಂದ ಮುಚ್ಚಳ ತೆಗೆಯುವವರೆಗೆ ಕೆಲಸಗಳನ್ನು ಮಾತ್ರ ಸಾಲಾಗಿ ಬರೆ. ಒದ್ದೆ ಕೈಯಲ್ಲಿ ಓದುವವಳಿಗೆ ಅಜ್ಜಿಯ ಸೀರೆಯ ಬಣ್ಣ ಅಡ್ಡ ಬರಬಾರದು. ಪಾಠ ಎಂದರೆ ಇಷ್ಟೇ: ಪ್ರತಿ ಸಲ ಸೌಟು ತಳ ಮುಟ್ಟಿಸಿ ಕಲಕಿ ಹೊಯ್ಯಬೇಕು. ಮೊದಲ ದೋಸೆ, ಕೊನೆಯ ದೋಸೆ ಒಂದೇ ರೀತಿ ತೆಳ್ಳಗಿದ್ದರೆ ಸರಿಯಾಯಿತು.

ನಾನು ಇಷ್ಟು ಕೂಗಾಡಲು ಕಾರಣ ಉಂಟು. ಹಿಂದೆ ಮಿಡಿ ಉಪ್ಪಿನಕಾಯಿ ಬಗ್ಗೆ ಬರೆದಾಗ ಸಂಪಾದಕರೊಬ್ಬರು 'ಒಂದು ತಿರುವು ಬೇಕಿತ್ತು' ಎಂದರು. ಇಲ್ಲದ ಅಜ್ಜಿಯ ಬಾಯಲ್ಲಿ ಇಲ್ಲದ ಗುಟ್ಟು ಹೇಳಿಸಿದೆ. ಜನ ಹೊಗಳಿದರು. ಮೂರು ತಿಂಗಳಿಗೆ ಒಬ್ಬಾಕೆ ಪತ್ರ ಬರೆದರು, ಭರಣಿಯಲ್ಲಿ ಬೂಸ್ಟು ಬಂದಿದೆ, ಏನು ಮಾಡಲಿ ಎಂದು. ನನ್ನ ಭರಣಿ ಒಮ್ಮೆಯೂ ಕೆಟ್ಟಿರಲಿಲ್ಲ, ನನಗೇನು ಗೊತ್ತು? ಉತ್ತರ ಬರೆಯಲೇ ಇಲ್ಲ. ತಿರುವು ಇಲ್ಲದಿದ್ದರೆ ಬರೀ ವಿಧಾನ ಬರೆದು ಕಳಿಸಬೇಕಿತ್ತು.

ಮೂರನೇ ಪುಟದ ಆ ಸಾಲಿಗೆ ಪೆನ್ಸಿಲ್ ಗೆರೆ ಎಳೆದು ಹಿಂದೆ ಕಳಿಸಿದ್ದೇನೆ. ಮುಂದಿನ ಪ್ರತಿಯಲ್ಲಿ ಆ ಹೊಸ ಕಾವಲಿಗೆ ಎಷ್ಟು ಕೊಟ್ಟೆ ಎಂದೂ ಬರೆ.