ದೋಸ್ತ, ಕೋಲ್ಡ್ ಸ್ಟೋರೇಜಿನ ಮಾಲು ಇನ್ನ ಮಾರಬ್ಯಾಡ

ದೋಸ್ತ,

ನಿನ್ನೆ ಫೋನಿನ್ಯಾಗ ನೀ ಹೇಳಿದ್ದು ಕೇಳಿದಾಗಿಂದ ನಂಗ ಸಮಾಧಾನ ಇಲ್ಲ. ಬಿಟ್‌ಕಾಯಿನ್ ಆಪಿಗೆ 50,000 ಹಾಕೀನಿ, ಆಪ್‌ದಾಗ 71,000 ಆಗ್ಯದ, 5,000 ತಗದು ನೋಡೀನಿ ಅಕೌಂಟಿಗೆ ಬಂತು, ಈಗ ಒಣದ್ರಾಕ್ಷಿ ಮಾರಿ 6 ಲಕ್ಷ ಹಾಕ್ತೀನಿ ಅಂದಿ. ಫೋನಿನ್ಯಾಗ ಹೇಳಾಕ ಆಗಲಿಲ್ಲ, ಅದಕ್ಕ ಬರೀಲಾಕತ್ತೀನಿ, ಮತ್ತ ಇಲ್ಲೇ ಎಲ್ಲಾರಿಗೂ ಕಾಣೂಹಂಗ ಹಾಕ್ತೀನಿ, ಯಾಕಂದ್ರ ನಮ್ಮ ವಿಜಯಪುರ ಕಡೆ ಈ ಆಪ್ ಹಿಡಕೊಂಡು ಕುಂತಾವ್ರು ನೀ ಒಬ್ಬನ ಅಲ್ಲ.

ನಮ್ಮ ಭಾವನ ಕತಿ ಇಷ್ಟ ದಿನ ಮನಿಯಾಗ ಮುಚ್ಚಿಟ್ಟಿದ್ವಿ. ಅವನ್ನ ಕೇಳೇ ಬರೀತೀನಿ. ವಾಟ್ಸಾಪಿನ್ಯಾಗ ಒಂದು ಗ್ರೂಪಿಗೆ ಯಾರೋ ಸೇರಿಸಿದ್ರು, ಅಲ್ಲಿಂದ ಒಂದು ಲಿಂಕ್, ಲಿಂಕಿನಿಂದ ಆಪ್. ಪ್ಲೇ ಸ್ಟೋರಿನ್ಯಾಗ ಇಲ್ಲದ ಆಪ್. ಮೊದ್ಲ 20,000 ಹಾಕಿದ. ಎರಡು ವಾರದಾಗ 27,000ರ ಮ್ಯಾಲ ತೋರಿಸ್ತು, 3,000 ತಗದ, ಹತ್ತು ನಿಮಿಷದಾಗ ಬಂತು. ಅದಾದ್ಮ್ಯಾಲ ಧೈರ್ಯ ಬಂದು ದ್ರಾಕ್ಷಿ ರೊಕ್ಕ 4 ಲಕ್ಷ ಹಾಕಿಬಿಟ್ಟ. ನಾ ಆಮ್ಯಾಲ ಅವನ ಪಾಸ್‌ಬುಕ್ ನೋಡಿದೆ. ಆ 3,000 ಬಂದಿದ್ದು ಬಿಟ್‌ಕಾಯಿನ್ ಖರೀದಿ-ಮಾರಾಟ ಮಾಡಿಸೋ ಯಾವ ಎಕ್ಸ್‌ಚೇಂಜ್ ಕಂಪನಿಯಿಂದೂ ಅಲ್ಲ, ಯಾರದೋ ಒಬ್ಬ ಹೆಣ್ಮಗಳ ಸೇವಿಂಗ್ಸ್ ಅಕೌಂಟಿಂದ. ಇವ ಕಳಿಸಿದ್ದೂ ಹಂಗ, ಪ್ರತಿ ಸಲ ಬ್ಯಾರೆ ಬ್ಯಾರೆ ಹೆಸರಿನ ಅಕೌಂಟಿಗೆ. ಅಂದ್ರ ಅವನವೇ 20,000ದಾಗಿನ 3,000 ತಿರುಗಿ ಕೊಟ್ಟಿದ್ರು, ಇಲ್ಲಾ ಇನ್ನೊಬ್ಬ ಬಡಪಾಯಿದು. ನಿನ್ನ 5,000 ಯಾರ ಹೆಸರಿನಿಂದ ಬಂದದ, ಈಗ ತಗದು ನೋಡು.

ಆಪ್‌ದಾಗ ಕಾಣೋ ಲಾಭ ಲಾಭ ಅಲ್ಲಪಾ. ಅಲ್ಲಿ ಬಿಟ್‌ಕಾಯಿನ್ನೂ ಇಲ್ಲ, ಖರೀದೀನೂ ಆಗಿಲ್ಲ. ನಿನ್ನ ರೊಕ್ಕ ಹೋದದ್ದು ಅವರ ಅಕೌಂಟಿಗೆ, ಸ್ಕ್ರೀನಿನ ಮ್ಯಾಲ ಇರೋದು ಅವ್ರು ಕೂತು ಟೈಪ್ ಮಾಡಿದ ಅಂಕಿ. 71,000 ಅಂತ ಬರಿಯಾಕ ಅವ್ರಿಗೆ ಒಂದು ಪೈಸೆ ಖರ್ಚಿಲ್ಲ, 7 ಲಕ್ಷ ಅಂತ ಬರದ್ರೂ ಇಲ್ಲ. ಖರ್ಚು ಬರೋದು ನೀ ತಗೀತೀನಿ ಅಂದಾಗ ಮಾತ್ರ, ಅದಕ್ಕ ಸಣ್ಣದು ಕೊಡ್ತಾರ, ದೊಡ್ಡದಕ್ಕ ಬಾಗಲಾ ಹಾಕ್ತಾರ.

ಭಾವನ ಸ್ಕ್ರೀನ್ 11,20,000 ತೋರಸ್ತಿತ್ತು. ಮಗಳ ಕಾಲೇಜ್ ಫೀಜಿಗೆ ಅಂತ ಎಲ್ಲಾ ತಗೀಲಾಕ ಒತ್ತಿದ. ಎರಡು ದಿನ "ಪೆಂಡಿಂಗ್", ಮೂರನೇ ದಿನ ಚಾಟ್‌ನ್ಯಾಗ ಬಂತು, ನಿಮ್ಮ ಲಾಭ 7 ಲಕ್ಷ, ಭಾರತದ ಕಾನೂನಿನಂಗ 30% ಟ್ಯಾಕ್ಸ್ 2,10,000 ಮೊದ್ಲ ಕಟ್ರಿ, ಆಮ್ಯಾಲ ಬಿಡ್ತೀವಿ. ಭಾವ ಸರಿಯಾದ ಪ್ರಶ್ನಿನೇ ಕೇಳ್ಯಾನ ನೋಡು, 11 ಲಕ್ಷ ನಿಮ್ಮ ಕಡೇನೇ ಅದಲ್ಲ, ಅದರಾಗ ಮುರಕೊಂಡು ಉಳಿದದ್ದು ಕೊಡ್ರಿ ಅಂದ. ಬ್ಯಾಲೆನ್ಸ್ ಲಾಕ್ ಆಗ್ಯದ, ಮುರಕೊಳ್ಳಾಕ ಬರಂಗಿಲ್ಲ ಅಂದ್ರು. ಅಲ್ಲೇ ಗೊತ್ತಾಗಬೇಕಿತ್ತು. ಮುರಕೊಳ್ಳಾಕ ಅಲ್ಲಿ ಏನೂ ಇರಲೇ ಇಲ್ಲ.

30% ಅನ್ನೋದು ಖರೇನೇ ಅದ, 2022ರಿಂದ ಕ್ರಿಪ್ಟೋ ಲಾಭದ ಮ್ಯಾಲ ಅಷ್ಟು ಟ್ಯಾಕ್ಸ್ ಅದ, ಅದಕ್ಕ ಮಂದಿ ನಂಬ್ತಾರ. ಆದ್ರ ಅದನ್ನ ನೀ ಸರ್ಕಾರಕ್ಕ ಕಟ್ಟೋದು, ರಿಟರ್ನ್ ತುಂಬುವಾಗ ಲೆಕ್ಕ ಹಾಕಿ. ಎಕ್ಸ್‌ಚೇಂಜ್ ಹಿಡಿಯೋದು ಮಾರಿದ ರೊಕ್ಕದಾಗ 1% ಟಿಡಿಎಸ್, ಅದೂ ಅದರಾಗ ಮುರಕೊಂಡು. ಯಾವ ಖರೇ ಎಕ್ಸ್‌ಚೇಂಜೂ ನಿನ್ನ ರೊಕ್ಕ ಬಿಡಲಾಕ ಯಾರದೋ ಹೆಸರಿನ ಅಕೌಂಟಿಗೆ ಟ್ಯಾಕ್ಸ್ ಹಾಕು ಅನ್ನಂಗಿಲ್ಲ.

ಭಾವ ಅಕ್ಕನ ಬಂಗಾರ ಒತ್ತಿ ಇಟ್ಟು 2,10,000 ಕಟ್ಟಿದ. ಮರುದಿನ ವಾಲೆಟ್ ವೆರಿಫಿಕೇಶನ್ ಅಂತ 1,12,000 ಕೇಳಿದ್ರು. ಆವಾಗ ನನಗ ಫೋನ್ ಮಾಡಿದ, ದನಿ ನಡುಗ್ತಿತ್ತು. ಒಟ್ಟು 6,27,000 ಹೋಗಿತ್ತು, ಬಂದಿದ್ದ 3,000 ಕಳದು. ನಾಚ್ಕೊಂಡು ಕುಂತು ಸೈಬರ್ ಕ್ರೈಮ್ ಸಹಾಯವಾಣಿ 1930ಕ್ಕ ಫೋನ್ ಮಾಡೂದ್ರಾಗ 19 ದಿನ ಆಗಿತ್ತು. ರೊಕ್ಕ ಆ ಅಕೌಂಟಿನ್ಯಾಗ ಇನ್ನ ಇದ್ರ ಬ್ಯಾಂಕ್ ತಡೀತದ, ಇವನದು ಅಷ್ಟೊತ್ತಿಗೆ ನಾಲ್ಕೈದು ಅಕೌಂಟ್ ದಾಟಿ ಹೋಗಿತ್ತು. ಈಗ ಒಬ್ಬ ಟೆಲಿಗ್ರಾಮಿನ್ಯಾಗ ಬಂದು ನಿಮ್ಮ ರೊಕ್ಕ ವಾಪಸ್ ತರ್ತೀನಿ 15,000 ಫೀಜ್ ಕೊಡ್ರಿ ಅನ್ಲಾಕತ್ತಾನ, ಅವನೂ ಅದೇ ಜಾತಿಯಾವ.

ನೀ ಇಷ್ಟ ಮಾಡು. ಇವತ್ತೇ ಆಪ್‌ದಾಗ ಇರೋ ಅಷ್ಟೂ 71,000 ತಗೀಲಾಕ ಹಾಕು, 5,000 ಅಲ್ಲ, ಅಷ್ಟೂ. ಹೊಸದಾಗಿ ಒಂದು ರೂಪಾಯಿನೂ ಹಾಕಬ್ಯಾಡ. ಬಂದ್ರ ಬರ್ಲಿ, ಬಂದ್ರೂ ಅದು 6 ಲಕ್ಷಕ್ಕ ಹಾಕಿದ ಗಾಳಾನೇ ಇರಬಹುದು. ಟ್ಯಾಕ್ಸ್, ಡಿಪಾಸಿಟ್, ವೆರಿಫಿಕೇಶನ್ ಅಂತ ಏನರ ಕೇಳಿದ್ರ ಅವ್ರ ಜೋಡಿ ವಾದ ಮಾಡಬ್ಯಾಡ, ಚಾಟ್ ಅಳಿಸಬ್ಯಾಡ, ಸ್ಕ್ರೀನ್‌ಶಾಟ್ ಹೊಡಿ, ಪ್ರತಿ ಪೇಮೆಂಟಿನ ಯುಟಿಆರ್ ನಂಬರ್ ಬರಕೋ, ಅವತ್ತಿನ ದಿವ್ಸಾನೇ 1930ಕ್ಕ ಫೋನ್ ಮಾಡು, cybercrime.gov.in ಒಳಗೂ ಕಂಪ್ಲೇಂಟ್ ಹಾಕು.

ನಾ ರವಿವಾರ ಮುಂಜಾನೆ ಬಸ್ಸಿಗೆ ತಿಕೋಟಾಕ್ಕ ಬರ್ತೀನಿ. ಭಾವನ್ನೂ ಕರಕೊಂಡು ಬರ್ತೀನಿ, ಅವನ ಬಾಯಿಂದನೇ ಕೇಳು. ಅಲ್ಲಿತನಕ ಮಾಲಿನ ಚೀಟಿ ಯಾರ ಕೈಯಾಗೂ ಕೊಡಬ್ಯಾಡ.

ನಿನ್ನ ದೋಸ್ತ